ಕ್ಲಾಸ್ ನೋಟ್ಸ್ ಪಠ್ಯಪುಸ್ತಕದ ಪಾಠವಾಗುವುದು ಹೇಗೆ: ಬೆಲೆ ಸ್ಥಿತಿಸ್ಥಾಪಕತ್ವವನ್ನು ಇಟ್ಟುಕೊಂಡು ಒಂದು ಮಾರ್ಗದರ್ಶಿ

ಪದವಿ ಕಾಲೇಜುಗಳಲ್ಲಿ ಪಾಠ ಮಾಡುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: "ಹಲವು ವರ್ಷ ಪಾಠ ಮಾಡಿದ ನೋಟ್ಸ್ ನನ್ನ ಹತ್ತಿರ ಇದೆ. ಟೈಪ್ ಕೂಡ ಮಾಡಿಸಿದೆ. ಓದಿದರೆ ಪುಸ್ತಕ ಅನ್ನಿಸುವುದಿಲ್ಲ. ಇನ್ನೇನು ಸೇರಿಸಬೇಕು?"

ಸೇರಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ. ನೋಟ್ಸ್ ಬರೆದಿರುವುದು ಮಾತಾಡಲಿರುವವರ ನೆನಪಿಗೆ. ಪಾಠದ ಅರ್ಧ ನಿಮ್ಮ ಬಾಯಲ್ಲಿ, ಬೋರ್ಡಿನ ಮೇಲೆ ಇತ್ತು. ಪುಸ್ತಕ ಓದುವ ಹುಡುಗ ಸಂಜೆ ಹಾಸ್ಟೆಲಿನಲ್ಲಿ ಒಬ್ಬನೇ ಕೂತಿರುತ್ತಾನೆ, ಅಡ್ಡಬಾಯಿ ಹಾಕಿ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಆದ್ದರಿಂದ ನೋಟ್ಸ್‌ನಲ್ಲಿ ಏನಿಲ್ಲ ಎಂಬುದನ್ನು ಹುಡುಕುವುದು ಮೊದಲ ಕೆಲಸ. ಅದನ್ನು ಬರಿಯ ಸಲಹೆಯಾಗಿ ಹೇಳಿದರೆ ಉಪಯೋಗವಾಗುವುದಿಲ್ಲ. ಒಂದೇ ಒಂದು ಪಾಠ ತೆಗೆದುಕೊಂಡು ಕೊನೆಯವರೆಗೆ ಹೋಗೋಣ: ಬಿ.ಎ. ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ಬರುವ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ. ಬೆಲೆ ಬದಲಾದಾಗ ಜನ ಕೊಳ್ಳುವ ಪ್ರಮಾಣ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬುದರ ಅಳತೆ ಅದು. ನಿಮ್ಮ ವಿಷಯ ರಸಾಯನಶಾಸ್ತ್ರವೋ ಸಂಖ್ಯಾಶಾಸ್ತ್ರವೋ ಆಗಿದ್ದರೂ ಹಂತಗಳು ಇವೇ.

ನಮ್ಮ ಕೈಯಲ್ಲಿರುವ ನೋಟ್ಸ್ ಹೀಗಿದೆ ಎಂದುಕೊಳ್ಳಿ. ಈ ಪಾಠದ ನೋಟ್ಸ್ ಸಾಮಾನ್ಯವಾಗಿ ಇರುವುದೇ ಹೀಗೆ:

- ಅರ್ಥ, ಸೂತ್ರ, ಮಾರ್ಷಲ್.
- ಐದು ವಿಧ, ಐದು ಚಿತ್ರ.
- ಉದಾ: ಎಳನೀರು 40 ರೂ. ಇದ್ದಾಗ 100, 50 ರೂ. ಆದಾಗ 80. ಉತ್ತರ 0.8, ಅಸ್ಥಿತಿಸ್ಥಾಪಕ.
- ನಿರ್ಧರಿಸುವ ಅಂಶಗಳು: ಬದಲಿ ಸರಕು, ಅಗತ್ಯ (ಉಪ್ಪು), ಆದಾಯದಲ್ಲಿ ಪಾಲು, ಕಾಲ.
- ಅಳೆಯುವ ವಿಧಾನ: ಶೇಕಡಾವಾರು, ಒಟ್ಟು ವೆಚ್ಚ, ಬಿಂದು ವಿಧಾನ (dQ/dP × P/Q).
- 10 ಅಂಕ, ಖಂಡಿತ ಬರುತ್ತದೆ.

ಇದರಲ್ಲಿ ಒಂದು ಗಂಭೀರವಾದ ವಿರೋಧ ಅಡಗಿದೆ. ಈಗಲೇ ಕಾಣದಿದ್ದರೂ ಪರವಾಗಿಲ್ಲ, ಐದನೇ ಹಂತಕ್ಕೆ ಬರುವಾಗ ಅದು ತಾನಾಗಿ ಎದ್ದು ನಿಲ್ಲುತ್ತದೆ.

ಹಂತ 1: ಕೊನೆಯ ಪ್ರಶ್ನೆಯನ್ನು ಮೊದಲು ಬರೆಯಿರಿ

ವಿಭಾಗ ಓದಿ ಮುಗಿಸಿದ ವಿದ್ಯಾರ್ಥಿ ಯಾವ ಲೆಕ್ಕವನ್ನು ಒಬ್ಬನೇ ಬಿಡಿಸಬೇಕು? ಅದನ್ನು ಒಂದು ಹಾಳೆಯಲ್ಲಿ ಪೂರ್ತಿ ಬರೆಯಿರಿ. "ಸ್ಥಿತಿಸ್ಥಾಪಕತ್ವದ ಅರ್ಥ ತಿಳಿಯಬೇಕು" ಎಂದು ಬರೆದರೆ ಸಾಲದು, ತಿಳಿದಿದೆಯೋ ಇಲ್ಲವೋ ನೋಡಲು ಬರುವುದಿಲ್ಲ. ನಮ್ಮ ಪಾಠಕ್ಕೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ:

"ಒಂದು ಊರಿನಲ್ಲಿ ಬಸ್ ದರ 10 ರೂ. ಇದ್ದದ್ದು 14 ರೂ. ಆಯಿತು. ಆ ಮಾರ್ಗದ ದಿನದ ಪ್ರಯಾಣಿಕರು 600 ಇದ್ದವರು 500 ಆದರು. ಸ್ಥಿತಿಸ್ಥಾಪಕತ್ವ ಎಷ್ಟು? ಪ್ರಯಾಣಿಕರು ಕಡಿಮೆಯಾದರೂ ವಸೂಲಿ ಏಕೆ ಹೆಚ್ಚಾಯಿತು?"

ಅದೇ ಹಾಳೆಯ ಕೆಳಗೆ, ಓದುವವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ಬರೆಯಿರಿ. ಇಲ್ಲಿ ಮೂರು ಸಾಕು: ಶೇಕಡಾ ಲೆಕ್ಕ, ಬೇಡಿಕೆಯ ನಿಯಮ (ಬೆಲೆ ಏರಿದರೆ ಕೊಳ್ಳುವ ಪ್ರಮಾಣ ಇಳಿಯುತ್ತದೆ), ನಕ್ಷೆಯ ಮೇಲೆ ಸರಳ ರೇಖೆ ಓದುವುದು. ಕಲನಶಾಸ್ತ್ರ ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಬರೆದುಬಿಡಿ. ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಬಂದ ಹೆಚ್ಚಿನವರಿಗೆ ಅದರ ಪರಿಚಯ ಇರುವುದಿಲ್ಲ. ಈ ಹಾಳೆ ಬರೆಯುವ ಮೇಜಿನ ಎದುರೇ ಇರಲಿ. ಮುಂದಿನ ಪ್ರತಿ ತೀರ್ಮಾನಕ್ಕೂ ಇದನ್ನೇ ನೋಡಬೇಕಾಗುತ್ತದೆ.

ಹಂತ 2: ನೋಟ್ಸನ್ನು ಚೀಟಿಗಳಾಗಿ ಒಡೆಯಿರಿ

ಒಂದು ಸಂಗತಿಗೆ ಒಂದು ಚೀಟಿ. ಮೇಲ್ಭಾಗದಲ್ಲಿ ನೋಟ್ಸ್‌ನ ಸಾಲು, ಕೆಳಗೆ ಆ ಸಾಲು ಬಂದಾಗ ನೀವು ತರಗತಿಯಲ್ಲಿ ಬಾಯಲ್ಲಿ ಹೇಳುವ ಮಾತು. ಎರಡನೆಯದು ನೆನಪಾಗದಿದ್ದರೆ ಮುಂದಿನ ಸಲ ಪಾಠ ಮಾಡುವಾಗ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಇಲ್ಲವೇ ಚೆನ್ನಾಗಿ ಬರೆದುಕೊಳ್ಳುವ ಇಬ್ಬರು ವಿದ್ಯಾರ್ಥಿಗಳ ನೋಟ್‌ಬುಕ್ ಪಡೆದು ನೋಡಿ. ನಿಮ್ಮ ನೋಟ್ಸ್‌ನಲ್ಲಿ ಇಲ್ಲದ, ಅವರ ಪುಸ್ತಕದಲ್ಲಿ ಇರುವ ಸಾಲುಗಳೇ ನಿಮಗೆ ಬೇಕಾದವು.

ಇನ್ನೊಂದು ಬಗೆಯ ಚೀಟಿಯೂ ಬೇಕು: ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆಗಳದ್ದು. ಈ ಪಾಠದಲ್ಲಿ ಎರಡು ತಪ್ಪದೆ ಬರುತ್ತವೆ. "ಸರ್, ಮೈನಸ್ ಎಲ್ಲಿಗೆ ಹೋಯಿತು?" ಮತ್ತು "ಮೇಡಂ, 40ರಿಂದ ಯಾಕೆ ಭಾಗಿಸಬೇಕು, 50ರಿಂದ ಯಾಕೆ ಭಾಗಿಸಬಾರದು?" ತರಗತಿಯಲ್ಲಿ ಎರಡನೆಯದಕ್ಕೆ "ಮೊದಲಿನ ಬೆಲೆಯಿಂದಲೇ ಭಾಗಿಸಬೇಕಪ್ಪ" ಎಂದು ಹೇಳಿ ಮುಂದೆ ಹೋಗಬಹುದು. ಪುಸ್ತಕದಲ್ಲಿ ಆಗುವುದಿಲ್ಲ, ಏಕೆಂದರೆ ಆ ಪ್ರಶ್ನೆ ನಿಜವಾಗಿಯೂ ಸರಿಯಾದ ಪ್ರಶ್ನೆ.

ಇಲ್ಲೊಂದು ಎಚ್ಚರಿಕೆ. ನೋಟ್ಸ್‌ಗೆ ಎಷ್ಟೋ ಚಿತ್ರ, ವಾಕ್ಯ, ಲೆಕ್ಕ ಬೇರೆ ಪುಸ್ತಕಗಳಿಂದ ಬಂದಿರುತ್ತವೆ. ಎಲ್ಲಿಂದ ತೆಗೆದದ್ದು ಎಂದು ಆಗ ಯಾರೂ ಬರೆದಿಟ್ಟಿರುವುದಿಲ್ಲ. ತರಗತಿಯಲ್ಲಿ ಅದು ನಡೆಯುತ್ತದೆ, ನಿಮ್ಮ ಹೆಸರಿನ ಪುಸ್ತಕದಲ್ಲಿ ಅಚ್ಚಾದರೆ ಬೇರೆಯವರ ಬರಹವನ್ನು ಕದ್ದಂತೆ. ಮೂಲದ ಬಗ್ಗೆ ಅನುಮಾನ ಇರುವ ಪ್ರತಿ ಚೀಟಿಗೂ ಕೆಂಪು ಗುರುತು ಹಾಕಿ. ಅಂಥ ವ್ಯಾಖ್ಯೆಯನ್ನು ಚೀಟಿ ನೋಡದೆ ನಿಮ್ಮ ಮಾತಿನಲ್ಲಿ ಹೊಸದಾಗಿ ಬರೆಯಿರಿ, ಲೆಕ್ಕವನ್ನು ಹೊಸ ಅಂಕಿಗಳಿಂದ ಕಟ್ಟಿ, ಚಿತ್ರವನ್ನು ಆ ಅಂಕಿಗಳಿಂದಲೇ ಬರೆಯಿರಿ.

ಹಂತ 3: ಪರೀಕ್ಷೆಯ ಕ್ರಮ ಬಿಟ್ಟು ಅವಲಂಬನೆಯ ಕ್ರಮಕ್ಕೆ ಬನ್ನಿ

ನೋಟ್ಸ್‌ನ ಕ್ರಮ ಪ್ರಶ್ನೆಪತ್ರಿಕೆಯದು: ಅರ್ಥ, ವಿಧ, ಅಂಶ, ವಿಧಾನ. ಪುಸ್ತಕದ ಕ್ರಮವನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: ಈ ಚೀಟಿ ಅರ್ಥವಾಗಲು ಯಾವ ಚೀಟಿ ಮೊದಲು ಬೇಕು? ಚೀಟಿಗಳನ್ನು ನೆಲದ ಮೇಲೆ ಹರಡಿ, ಬೇಕಾದದ್ದನ್ನು ಎಡಕ್ಕೆ ಸರಿಸುತ್ತ ಹೋಗಿ. ನಮ್ಮ ಪಾಠ ಹೀಗೆ ಜೋಡಣೆಯಾಗುತ್ತದೆ. ಮೊದಲು ಅಂಗಡಿಯವನ ಸಮಸ್ಯೆ, ಅಂದರೆ ಬೆಲೆ ಏರಿಸಲೋ ಬೇಡವೋ ಎಂಬುದು. ಆಮೇಲೆ ಬದಲಾವಣೆಯನ್ನು ಶೇಕಡಾದಲ್ಲೇ ಏಕೆ ಅಳೆಯಬೇಕು ಎಂಬ ಮಾತು, ಸೂತ್ರ, ಮೊದಲ ಲೆಕ್ಕ. ನಂತರ ಆ ಲೆಕ್ಕದಲ್ಲಿ ಏಳುವ ತೊಡಕು, ಅದರ ಪರಿಹಾರ, ವಸೂಲಿಯ ಜೊತೆಗಿನ ಸಂಬಂಧ, ಸರಳ ರೇಖೆಯ ಉದ್ದಕ್ಕೂ ಆಗುವ ಬದಲಾವಣೆ. ಇಷ್ಟಾದ ಮೇಲೆ ಐದು ವಿಧ, ಕೊನೆಗೆ ನಿರ್ಧರಿಸುವ ಅಂಶಗಳು.

ನೋಟ್ಸ್‌ನಲ್ಲಿ ಎರಡನೆಯದಾಗಿದ್ದ ಐದು ಚಿತ್ರಗಳು ಬಹುತೇಕ ಕೊನೆಗೆ ಹೋದದ್ದನ್ನು ಗಮನಿಸಿ. ಅದಕ್ಕೆ ಕಾರಣ ಇದೆ. ಆ ಚಿತ್ರಗಳಲ್ಲಿ ಸ್ಥಿತಿಸ್ಥಾಪಕ ಬೇಡಿಕೆಗೆ ಹೆಚ್ಚು ಮಲಗಿದ ರೇಖೆ, ಅಸ್ಥಿತಿಸ್ಥಾಪಕ ಬೇಡಿಕೆಗೆ ಕಡಿದಾದ ರೇಖೆ ಇರುತ್ತದೆ. ಅದನ್ನು ಮೊದಲೇ ತೋರಿಸಿದರೆ ರೇಖೆಯ ಇಳಿಜಾರೇ ಸ್ಥಿತಿಸ್ಥಾಪಕತ್ವ ಎಂಬ ತಪ್ಪು ತಿಳಿವಳಿಕೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಕಿತ್ತು ಹಾಕುವುದು ಬಹಳ ಕಷ್ಟ.

ಶೇಕಡಾ ಏಕೆ ಎಂಬುದಕ್ಕೆ ನೋಟ್ಸ್‌ನಲ್ಲಿ ಚೀಟಿಯೇ ಇರಲಿಲ್ಲ. ಹೊಸದಾಗಿ ಬರೆಯಬೇಕು, ಒಂದು ಪ್ಯಾರಾ ಸಾಕು. ಬೆಲೆ 10 ರೂಪಾಯಿ ಏರಿದಾಗ ಮಾರಾಟ 20 ಇಳಿದರೆ ರೂಪಾಯಿಗೆ 2 ಇಳಿಯಿತು ಎನ್ನಬಹುದು. ಅದೇ ಬೆಲೆಯನ್ನು ಪೈಸೆಯಲ್ಲಿ ಬರೆದರೆ ಪೈಸೆಗೆ 0.02 ಆಗುತ್ತದೆ. ಜನರ ವರ್ತನೆ ಬದಲಾಗಲಿಲ್ಲ, ಅಳತೆ ಮಾತ್ರ ಬದಲಾಯಿತು. ಶೇಕಡಾದಲ್ಲಿ ಹೇಳಿದರೆ ಈ ತೊಂದರೆ ಇಲ್ಲ, ಎಳನೀರನ್ನು ಬಸ್ ಟಿಕೆಟ್ಟಿನ ಜೊತೆ ಹೋಲಿಸುವುದಕ್ಕೂ ಬರುತ್ತದೆ.

ಹಂತ 4: ಪದ ಮತ್ತು ಚಿಹ್ನೆಗಳ ಹಾಳೆ

ಮೊದಲ ವಾಕ್ಯ ಬರೆಯುವ ಮುನ್ನ ಒಂದು ಪಟ್ಟಿ ಮಾಡಿ: ಒಂದು ವಿಷಯಕ್ಕೆ ಒಂದೇ ಪದ, ಒಂದೇ ಚಿಹ್ನೆ. ತರಗತಿಯಲ್ಲಿ ನಾವು ಪ್ರಮಾಣ, ಪರಿಮಾಣ, ಕ್ವಾಂಟಿಟಿ ಎಂದು ಮೂರೂ ಬಳಸುತ್ತೇವೆ, ಕೇಳುವವರಿಗೆ ತೊಂದರೆಯಾಗುವುದಿಲ್ಲ. ಅಚ್ಚಿನಲ್ಲಿ ಮೂರು ಪದ ಕಂಡರೆ ಮೂರು ಬೇರೆ ವಿಷಯ ಎಂದುಕೊಳ್ಳುತ್ತಾರೆ. ನಾನು ಪ್ರಮಾಣ (Q), ಬೆಲೆ (P), ಸ್ಥಿತಿಸ್ಥಾಪಕತ್ವ (e) ಎಂದು ನಿಗದಿ ಮಾಡುತ್ತೇನೆ. ಬದಲಾವಣೆಗೆ Δ ಚಿಹ್ನೆ.

ಕನ್ನಡದಲ್ಲಿ ಬರೆಯುವವರು ಒಂದು ಕಡೆ ವಿಶೇಷವಾಗಿ ಎಚ್ಚರ ವಹಿಸಬೇಕು. ಕೊಳ್ಳುವವರು ಒಂದು ಸರಕಿಗೆ ಖರ್ಚು ಮಾಡುವ ಮೊತ್ತವನ್ನು ನಮ್ಮ ನೋಟ್ಸ್‌ನಲ್ಲಿ "ಒಟ್ಟು ವೆಚ್ಚ" ಎನ್ನುತ್ತೇವೆ. ಮುಂದೆ ಉತ್ಪಾದನಾ ವೆಚ್ಚದ ಅಧ್ಯಾಯ ಬಂದಾಗ ತಯಾರಕನಿಗೆ ತಗಲುವ ಖರ್ಚಿಗೂ ಇದೇ "ಒಟ್ಟು ವೆಚ್ಚ". ಇಲ್ಲಿ "ಒಟ್ಟು ವಸೂಲಿ" ಎಂದು ಬರೆದು, ಪರೀಕ್ಷೆಯಲ್ಲಿ ಇದನ್ನೇ ಒಟ್ಟು ವೆಚ್ಚ ವಿಧಾನ ಎಂದು ಕೇಳುತ್ತಾರೆಂದು ಒಂದೇ ಒಂದು ಸಲ ತಿಳಿಸಿದರೆ ಗೊಂದಲ ಕಳೆಯುತ್ತದೆ.

ಮೈನಸ್ ವಿಚಾರವನ್ನೂ ಇಲ್ಲೇ ಇತ್ಯರ್ಥ ಮಾಡಿ. ಬೆಲೆ ಏರಿದರೆ ಪ್ರಮಾಣ ಇಳಿಯುವುದರಿಂದ ಉತ್ತರ ಋಣಸಂಖ್ಯೆಯಾಗಿಯೇ ಬರುತ್ತದೆ. ಚಿಹ್ನೆ ಬಿಟ್ಟು ಬರೆಯುವುದು ರೂಢಿ. ಬಿಡುವುದಾದರೆ ಸೂತ್ರ ಕೊಟ್ಟ ಜಾಗದಲ್ಲೇ ಹೇಳಿ ಬಿಡಿ, ಆಮೇಲೆ ಎಲ್ಲೂ ಮತ್ತೆ ತರಬೇಡಿ. ಒಂದು ಪುಟದಲ್ಲಿ -0.8, ಇನ್ನೊಂದರಲ್ಲಿ 0.8 ಎಂದಿದ್ದರೆ, -2 ದೊಡ್ಡದೋ -0.5 ದೊಡ್ಡದೋ ಎಂಬಲ್ಲಿ ಓದುವವನು ಸಿಕ್ಕಿಹಾಕಿಕೊಳ್ಳುತ್ತಾನೆ.

ಹಂತ 5: ಮಾದರಿ ಲೆಕ್ಕಗಳು

ಹೆಚ್ಚು ಸಮಯ ಬೇಕಾಗುವುದು ಇಲ್ಲಿ. ಮಾದರಿ ಲೆಕ್ಕವೆಂದರೆ ಪ್ರತಿ ಹೆಜ್ಜೆಯನ್ನೂ ಕಾರಣದೊಂದಿಗೆ ಬಿಡಿಸಿ ತೋರಿಸಿದ ಲೆಕ್ಕ. ನೋಟ್ಸ್‌ನಲ್ಲಿ ಬರಿಯ "ಉತ್ತರ 0.8" ಇರುತ್ತದೆ. ಅದನ್ನು ಹಿಗ್ಗಿಸಿ ಬರೆಯೋಣ. ಅಂಕಿಗಳು ಊಹಿಸಿಕೊಂಡವು ಎಂದು ಪಾಠದಲ್ಲೂ ಹೇಳಿರಿ, ಇಲ್ಲವಾದರೆ ಎಳನೀರಿನ ನಿಜವಾದ ಮಾರುಕಟ್ಟೆ ಹೀಗೇ ಇದೆ ಎಂದು ತಿಳಿಯುವವರಿದ್ದಾರೆ.

ಮಾದರಿ ಲೆಕ್ಕ 1. ಬೆಲೆ 40ರಿಂದ 50 ರೂಪಾಯಿಗೆ ಏರಿತು, ದಿನದ ಮಾರಾಟ 100ರಿಂದ 80ಕ್ಕೆ ಇಳಿಯಿತು.

```
ಪ್ರಮಾಣದ ಬದಲಾವಣೆ = 20 / 100 = ಶೇ. 20
ಬೆಲೆಯ ಬದಲಾವಣೆ   = 10 / 40  = ಶೇ. 25
e = 20 / 25 = 0.8
```

ಉತ್ತರದ ಕೆಳಗೆ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಬರೆಯಲೇಬೇಕು: ಬೆಲೆ ಶೇ. 1 ಏರಿದರೆ ಪ್ರಮಾಣ ಸುಮಾರು ಶೇ. 0.8 ಇಳಿಯುತ್ತದೆ. e ಒಂದಕ್ಕಿಂತ ಕಡಿಮೆ ಇರುವುದರಿಂದ ಬೇಡಿಕೆ ಅಸ್ಥಿತಿಸ್ಥಾಪಕ.

ಇಲ್ಲಿಗೆ ನಿಲ್ಲಿಸಿದರೆ ನೋಟ್ಸ್‌ನಲ್ಲಿದ್ದ ತಪ್ಪನ್ನೇ ಅಚ್ಚು ಮಾಡಿದಂತಾಗುತ್ತದೆ. ಒಟ್ಟು ವಸೂಲಿ ನೋಡಿ. ಮೊದಲು 40 × 100 = 4000 ರೂ. ಆಮೇಲೆ 50 × 80 = 4000 ರೂ. ವಸೂಲಿ ಬದಲಾಗಲಿಲ್ಲ. ವಸೂಲಿ ಬದಲಾಗದಿದ್ದರೆ e ಒಂದಕ್ಕೆ ಸಮ ಎಂದು ನೋಟ್ಸ್‌ನ ಒಟ್ಟು ವೆಚ್ಚ ವಿಧಾನ ಹೇಳುತ್ತದೆ. ಶೇಕಡಾವಾರು ವಿಧಾನ 0.8 ಎನ್ನುತ್ತಿದೆ. ಆರಂಭದಲ್ಲಿ ಹೇಳಿದ ವಿರೋಧ ಇದೇ. ತರಗತಿಯಲ್ಲಿ ಸೋಮವಾರ ಒಂದು ವಿಧಾನ, ಗುರುವಾರ ಇನ್ನೊಂದು ಮಾಡುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪುಸ್ತಕದಲ್ಲಿ ಎರಡೂ ಎದುರುಬದುರು ಪುಟದಲ್ಲಿರುತ್ತವೆ. ಜಾಣ ವಿದ್ಯಾರ್ಥಿ ಗುಣಿಸಿ ನೋಡಿಯೇ ನೋಡುತ್ತಾನೆ.

ಆದ್ದರಿಂದ ಎರಡನೇ ಲೆಕ್ಕ ಈ ಗಾಯವನ್ನೇ ಮುಟ್ಟಬೇಕು. ಹೊಸ ಸರಕು ತರಬೇಡಿ, ಹೊಸ ಅಂಕಿಯೂ ಬೇಡ. ಅದೇ ಎಳನೀರು, ಅದೇ ಎರಡು ಬೆಲೆ, ದಿಕ್ಕು ಮಾತ್ರ ತಿರುಗಿಸಿ.

ಮಾದರಿ ಲೆಕ್ಕ 2. ಬೆಲೆ 50ರಿಂದ 40ಕ್ಕೆ ಇಳಿಯಿತು, ಮಾರಾಟ 80ರಿಂದ 100ಕ್ಕೆ ಏರಿತು.

```
ಪ್ರಮಾಣದ ಬದಲಾವಣೆ = 20 / 80 = ಶೇ. 25
ಬೆಲೆಯ ಬದಲಾವಣೆ   = 10 / 50 = ಶೇ. 20
e = 25 / 20 = 1.25
```

ಹೋದ ದಾರಿಯಲ್ಲೇ ವಾಪಸು ಬಂದೆವು, ಉತ್ತರ ಮಾತ್ರ ಅಸ್ಥಿತಿಸ್ಥಾಪಕದಿಂದ ಸ್ಥಿತಿಸ್ಥಾಪಕಕ್ಕೆ ಜಿಗಿಯಿತು. "50ರಿಂದ ಯಾಕೆ ಭಾಗಿಸಬಾರದು" ಎಂದು ಕೇಳಿದ ವಿದ್ಯಾರ್ಥಿ ಬೆರಳಿಟ್ಟದ್ದು ಇಲ್ಲಿಗೇ. ಭಾಗಿಸುವ ಸಂಖ್ಯೆ ಬೇರೆಯಾದ್ದರಿಂದ ಶೇಕಡಾ ಬೇರೆಯಾಯಿತು. ಪರಿಹಾರ ಮಧ್ಯಬಿಂದು ವಿಧಾನ: ಎರಡು ಬೆಲೆಗಳ ಸರಾಸರಿಯಿಂದ, ಎರಡು ಪ್ರಮಾಣಗಳ ಸರಾಸರಿಯಿಂದ ಭಾಗಿಸುವುದು.

```
ಪ್ರಮಾಣ: 20 / 90
ಬೆಲೆ:   10 / 45 = 20 / 90
e = (20 / 90) ÷ (20 / 90) = 1
```

ಈಗ ಉತ್ತರ ಎರಡೂ ದಿಕ್ಕಿನಲ್ಲಿ ಒಂದೇ, ಒಟ್ಟು ವಸೂಲಿ ಹೇಳುವುದಕ್ಕೂ ಸರಿಹೊಂದುತ್ತದೆ. ಈ ಹೊಂದಾಣಿಕೆ ಆಕಸ್ಮಿಕವಲ್ಲ. ಮಧ್ಯಬಿಂದು ವಿಧಾನದಲ್ಲಿ e ಒಂದಾಗುವುದು ವಸೂಲಿ ಸಮವಾಗಿದ್ದಾಗ ಮಾತ್ರ, ಇದು ಯಾವ ಅಂಕಿಗಳಿಗೂ ನಿಜ. ಶೇಕಡಾ ತೆಗೆಯದೆ ಭಿನ್ನರಾಶಿಯಲ್ಲೇ ಬಿಟ್ಟದ್ದನ್ನೂ ನೋಡಿ. 22.22 ಎಂದು ನಡುವೆಯೇ ದುಂಡು ಮಾಡಿದರೆ ಎರಡೂ ಪೂರ್ತಿ ಸಮ ಎಂಬುದು ಖಚಿತವಾಗುವುದಿಲ್ಲ. ಬೇರೆ ಲೆಕ್ಕಗಳಲ್ಲಿ ಹಾಗೆ ಮಾಡಿದರೆ ಕೊನೆಯ ಉತ್ತರವೇ ಸ್ವಲ್ಪ ಜಾರುತ್ತದೆ.

ಹಾಗಾದರೆ ಮೊದಲಿನ ಸೂತ್ರ ಹೇಳಿಕೊಡುವುದೇ ಬೇಡವೇ? ಬೇಕು. ಬದಲಾವಣೆ ಶೇ. 1 ಅಥವಾ 2ರಷ್ಟು ಸಣ್ಣದಾಗಿದ್ದಾಗ ಎರಡು ಸೂತ್ರಗಳ ಅಂತರ ಅತ್ಯಲ್ಪ. 40ರಿಂದ 50ರಂಥ ದೊಡ್ಡ ನೆಗೆತದಲ್ಲಿ ಅದು ಸಾಲುವುದಿಲ್ಲ. ಈ ಮಿತಿಯನ್ನು ಪಾಠದಲ್ಲಿ ಬರೆಯಿರಿ. ಪರೀಕ್ಷೆಯಲ್ಲಿ ಯಾವ ಸೂತ್ರ ಕೇಳಿದ್ದಾರೋ ಅದನ್ನು ಬಳಸಲು ಹೇಳಿ, ಆದರೆ ಎರಡರ ಉತ್ತರ ಬೇರೆ ಬರುವುದು ಏಕೆ ಎಂದು ವಿದ್ಯಾರ್ಥಿಗೆ ಗೊತ್ತಿರಲಿ.

ಮೂರನೇ ಲೆಕ್ಕಕ್ಕೆ ಅದೇ ಎರಡು ಬಿಂದುಗಳ ಮೂಲಕ ಹಾಯುವ ಸರಳ ರೇಖೆ ಎಳೆಯಿರಿ. ಬೆಲೆ 10 ಏರಿದರೆ ಪ್ರಮಾಣ 20 ಇಳಿಯುತ್ತದೆ, ಆದ್ದರಿಂದ ರೇಖೆಯ ಸಮೀಕರಣ `Q = 180 - 2P`. ಇದರ ಮೇಲೆ ಯಾವ ಬಿಂದುವಿನಲ್ಲೂ `e = 2 × P / Q`. ಮೂರು ಬೆಲೆಗಳಲ್ಲಿ ಲೆಕ್ಕ ಹಾಕಿ:

```
P = 30, Q = 120, e = 0.5, ವಸೂಲಿ 3600
P = 45, Q = 90,  e = 1,   ವಸೂಲಿ 4050
P = 60, Q = 60,  e = 2,   ವಸೂಲಿ 3600
```

ಒಂದೇ ರೇಖೆ, ಒಂದೇ ಇಳಿಜಾರು, ಆದರೂ ಸ್ಥಿತಿಸ್ಥಾಪಕತ್ವ ಮೂರು ಕಡೆ ಮೂರು. ಇಳಿಜಾರು ಬೇರೆ, ಸ್ಥಿತಿಸ್ಥಾಪಕತ್ವ ಬೇರೆ ಎಂಬುದನ್ನು ಎಷ್ಟು ಸಲ ವಾಕ್ಯದಲ್ಲಿ ಹೇಳಿದರೂ ಈ ಮೂರು ಸಾಲು ಮಾಡುವ ಕೆಲಸ ಆಗುವುದಿಲ್ಲ. ಕೆಳಗಿನ ಭಾಗದಲ್ಲಿ ಬೆಲೆ ಏರಿಸಿದರೆ ವಸೂಲಿ ಏರುತ್ತದೆ, 45 ದಾಟಿದ ಮೇಲೆ ಇಳಿಯುತ್ತದೆ. ಅಂಗಡಿಯವನ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು.

ಈ ಲೆಕ್ಕದ ಚಿತ್ರ ಬರೆಯುವಾಗ ಒಂದು ಗುಂಡಿ ಇದೆ. ಆಲ್‌ಫ್ರೆಡ್ ಮಾರ್ಷಲ್ ಕಾಲದಿಂದ ಬಂದ ರೂಢಿಯಂತೆ ಬೆಲೆಯನ್ನು ಲಂಬ ಅಕ್ಷದ ಮೇಲೆ, ಪ್ರಮಾಣವನ್ನು ಅಡ್ಡ ಅಕ್ಷದ ಮೇಲೆ ಗುರುತಿಸುತ್ತೇವೆ. ಹಾಗಾಗಿ ನಕ್ಷೆಯಲ್ಲಿ ಕಾಣುವ ಇಳಿಜಾರು ΔP/ΔQ, ನಮ್ಮ ರೇಖೆಯಲ್ಲಿ ಅರ್ಧ. ಸೂತ್ರದಲ್ಲಿ ಬರುವುದು ΔQ/ΔP, ಅಂದರೆ 2. ಗಣಿತದ ತರಗತಿಯಲ್ಲಿ ಕಲಿತಂತೆ ಚಿತ್ರದಿಂದ ಇಳಿಜಾರು ಓದಿ ಸೂತ್ರಕ್ಕೆ ಹಾಕಿದ ವಿದ್ಯಾರ್ಥಿಗೆ P = 45ರಲ್ಲಿ 1ರ ಬದಲು 0.25 ಬರುತ್ತದೆ. ಯಾರಾದರೂ 0.25 ಎಂದು ಬರೆದುಕೊಟ್ಟರೆ ಅವರು ಎಡವಿದ್ದು ಇಲ್ಲೇ ಎಂದು ತಿಳಿಯಿರಿ. ಚಿತ್ರದ ಕೆಳಗೆ ಇದನ್ನು ಎರಡು ವಾಕ್ಯದಲ್ಲಿ ಹೇಳಿಬಿಡಿ.

ಮೂರು ಲೆಕ್ಕಗಳಲ್ಲಿ ಬಿಡಿಸಿ ತೋರಿಸುವ ಹೆಜ್ಜೆ ಕ್ರಮೇಣ ಕಡಿಮೆಯಾಗಲಿ. ಮೊದಲನೆಯದರಲ್ಲಿ ಎಲ್ಲವೂ ಇರಬೇಕು. ಎರಡನೆಯದರಲ್ಲಿ ಶೇಕಡಾ ತೆಗೆಯುವ ವಿವರಣೆ ಬೇಡ, ಹೊಸ ವಿಚಾರಕ್ಕೆ ಮಾತ್ರ ಮಾತು. ಮೂರನೆಯದರಲ್ಲಿ ಎರಡು ಬೆಲೆಗಳನ್ನು ನೀವು ಬಿಡಿಸಿ, 60 ರೂಪಾಯಿಯದನ್ನು ಓದುವವನಿಗೆ ಬಿಟ್ಟು, ಉತ್ತರವನ್ನು ಅಧ್ಯಾಯದ ಕೊನೆಯಲ್ಲಿ ಕೊಡಿ. ಇಷ್ಟು ದಾಟಿದವನ ಕೈಗೆ ಬಸ್ ದರದ ಲೆಕ್ಕ ಕೊಟ್ಟರೆ ಹೆದರುವುದಿಲ್ಲ.

ಹಂತ 6: ಉಳಿದ ಚೀಟಿಗಳು

ಐದು ವಿಧಗಳು ಈಗ ಬೇಗ ಮುಗಿಯುತ್ತವೆ. ಪೂರ್ತಿ ಅಡ್ಡ ರೇಖೆ, ಪೂರ್ತಿ ಲಂಬ ರೇಖೆ ಎರಡು ತುದಿಗಳು. ಉದ್ದಕ್ಕೂ e = 1 ಆಗಿರುವ ರೇಖೆ ಸರಳ ರೇಖೆಯಲ್ಲ, ಬಾಗಿದ ರೇಖೆ. ಅದರ ಮೇಲೆ ಎಲ್ಲಿ ನಿಂತರೂ ಬೆಲೆ ಮತ್ತು ಪ್ರಮಾಣದ ಗುಣಲಬ್ಧ ಬದಲಾಗುವುದಿಲ್ಲ. ಉಳಿದೆರಡನ್ನು ಸರಳ ರೇಖೆಗಳಿಂದ ತೋರಿಸುವುದಾದರೆ ಇಡೀ ರೇಖೆಗೆ ಹೆಸರು ಕೊಡಬೇಡಿ, ರೇಖೆಯ ಯಾವ ಭಾಗ ಎಂದು ಗುರುತಿಸಿ. ಇಲ್ಲದಿದ್ದರೆ ಮೂರನೇ ಲೆಕ್ಕದಲ್ಲಿ ಹೇಳಿದ್ದನ್ನು ನಿಮ್ಮ ಚಿತ್ರವೇ ಅಲ್ಲಗಳೆಯುತ್ತದೆ.

ನಿರ್ಧರಿಸುವ ಅಂಶಗಳಲ್ಲಿ ಉದಾಹರಣೆಯ ಆಯ್ಕೆ ಮುಖ್ಯ. ನೋಟ್ಸ್‌ನಲ್ಲಿ ಅಗತ್ಯ ವಸ್ತುವಿಗೆ ಉಪ್ಪು ಇದೆ. ಉಪ್ಪು ಅಗತ್ಯವೂ ಹೌದು, ತಿಂಗಳ ಖರ್ಚಿನಲ್ಲಿ ಅದರ ಪಾಲು ತೀರ ಸಣ್ಣದೂ ಹೌದು, ಬದಲಿ ಸರಕೂ ಇಲ್ಲ. ಮೂರು ಕಾರಣ ಒಟ್ಟಿಗೆ ಇರುವ ಉದಾಹರಣೆಯಿಂದ ಒಂದು ಕಾರಣ ಕಲಿಯಲು ಆಗುವುದಿಲ್ಲ. ಒಂದಂಶವನ್ನು ಮಾತ್ರ ಬದಲಿಸುವ ಜೋಡಿ ಹುಡುಕಿ. ಬದಲಿ ಸರಕಿಗೆ ಅಕ್ಕಿ ಮತ್ತು ಸೋನಾ ಮಸೂರಿ ಒಳ್ಳೆಯ ಜೋಡಿ: ಸೋನಾ ಮಸೂರಿ ಒಂದೇ ತುಟ್ಟಿಯಾದರೆ ಜನ ಬೇರೆ ಅಕ್ಕಿಗೆ ಹೋಗುತ್ತಾರೆ, ಎಲ್ಲ ಅಕ್ಕಿಯೂ ತುಟ್ಟಿಯಾದರೆ ಅಷ್ಟು ಸುಲಭವಾಗಿ ಬಿಡಲಾರರು. ಕಾಲಕ್ಕೆ ಪೆಟ್ರೋಲು: ಬೆಲೆ ಏರಿದ ವಾರ ಯಾರೂ ಸ್ಕೂಟರ್ ಬದಲಿಸುವುದಿಲ್ಲ, ಎರಡು ಮೂರು ವರ್ಷದಲ್ಲಿ ಬದಲಿಸಬಹುದು.

"10 ಅಂಕ, ಖಂಡಿತ ಬರುತ್ತದೆ" ಎಂಬ ಚೀಟಿಯನ್ನು ಎಸೆಯಿರಿ.

ಹಂತ 7: ಮಟ್ಟ ಏಕರೂಪವಾಗಿದೆಯೇ

ಬರೆದು ಮುಗಿಸಿ ಕೆಲವು ದಿನ ಬಿಟ್ಟು, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದನ್ನು ಓದಲು ಯಾವ ತರಗತಿಯವರೆಗೆ ಕಲಿತಿರಬೇಕು ಎಂದು ಪೆನ್ಸಿಲಿನಲ್ಲಿ ಬರೆಯಿರಿ: ಹತ್ತನೇ ತರಗತಿ, ಪಿಯುಸಿ, ಪದವಿ, ಎಂ.ಎ. ಅಂಚನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರೆ ಸಾಕು. ಪಿಯುಸಿ, ಪಿಯುಸಿ, ಹತ್ತು, ಎಂ.ಎ., ಪಿಯುಸಿ ಎಂದಿದ್ದರೆ ಆ ಎಂ.ಎ. ಪ್ಯಾರಾದಲ್ಲಿ ಓದುವವನು ಪುಸ್ತಕ ಮುಚ್ಚುತ್ತಾನೆ.

ನಮ್ಮ ಪಾಠದಲ್ಲಿ ಆ ಜಾಗ dQ/dP. ಎಂ.ಎ. ಓದುವಾಗ ಬರೆದುಕೊಂಡ ನೋಟ್ಸ್ ಪದವಿ ತರಗತಿಯ ನೋಟ್ಸ್‌ಗೆ ಸೇರಿಕೊಂಡಾಗ ಹೀಗಾಗುತ್ತದೆ. ಅದನ್ನು ವಿವರಿಸಲು ಹೊರಟರೆ ಕಲನಶಾಸ್ತ್ರದ ಒಂದು ಅಧ್ಯಾಯವೇ ಬೇಕು. ಆದರೆ ಸರಳ ರೇಖೆಯ ಮೇಲೆ ΔQ/ΔP ಎಲ್ಲ ಕಡೆಯೂ ಒಂದೇ ಇರುವುದರಿಂದ ಮೂರನೇ ಲೆಕ್ಕದಲ್ಲಿ ಅದಿಲ್ಲದೆಯೇ ಬಿಂದು ವಿಧಾನ ಬಂದುಹೋಯಿತು. ಬಾಗಿದ ರೇಖೆಗೆ ಮಾತ್ರ dQ/dP ಬೇಕು. ಅದನ್ನು ಈ ವಿಭಾಗದಿಂದ ಪೂರ್ತಿ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ. ಚೌಕಟ್ಟಿನೊಳಗೆ ಹಾಕಿದರೂ ಪರೀಕ್ಷೆಗೆ ಬಂದೀತೆಂಬ ಭಯಕ್ಕೆ ವಿದ್ಯಾರ್ಥಿಗಳು ಅರ್ಥವಾಗದೆ ಬಾಯಿಪಾಠ ಮಾಡುತ್ತಾರೆ. ಪಠ್ಯಕ್ರಮದಲ್ಲಿ ಕಡ್ಡಾಯವಾಗಿದ್ದರೆ ಮಾತ್ರ ಪ್ರತ್ಯೇಕ ವಿಭಾಗ ಮಾಡಿ, ತಲೆಬರಹದ ಕೆಳಗೇ ಏನು ಗೊತ್ತಿರಬೇಕೆಂದು ತಿಳಿಸಿ.

ಮಟ್ಟ ಜಾರಿದ ಜಾಗವನ್ನು ಕಂಪ್ಯೂಟರಿನಲ್ಲಿ ಹುಡುಕಲೂಬಹುದು. "ಸಹಜವಾಗಿಯೇ", "ಸುಲಭವಾಗಿ ತಿಳಿಯುತ್ತದೆ", "ಮೇಲೆ ಹೇಳಿದಂತೆ" ಎಂಬ ಪದಗಳನ್ನು ಹುಡುಕಿ ಒಂದೊಂದೇ ನೋಡಿ. ಒಂದು ಹೆಜ್ಜೆ ಹಾರಿದಾಗಲೇ ಇವು ಲೇಖನಿಗೆ ಬರುತ್ತವೆ. ಆ ಹೆಜ್ಜೆಯನ್ನು ಬರೆದರೆ ಪದ ತಾನಾಗಿ ಬಿದ್ದುಹೋಗುತ್ತದೆ.

ಹಂತ 8: ನಿಮ್ಮ ತರಗತಿಯಲ್ಲಿ ಕೂರದವರಿಗೆ ಕೊಡಿ

ನಿಮ್ಮ ವಿದ್ಯಾರ್ಥಿಗಳಿಗೆ ಕೊಟ್ಟರೆ ಅವರು ಪುಟದಲ್ಲಿ ಇಲ್ಲದ್ದನ್ನು ನೆನಪಿನಿಂದ ತುಂಬಿಕೊಳ್ಳುತ್ತಾರೆ. ಬೇರೆ ಕಾಲೇಜಿನ, ಈ ಪಾಠ ಇನ್ನೂ ಆಗದ ಮೂವರು ನಾಲ್ವರು ಸಾಕು. "ಹೇಗಿದೆ" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಕೈಗೆ ಪೆನ್ಸಿಲ್ ಕೊಟ್ಟು, ಓದಲು ನಿಂತ ಜಾಗದಲ್ಲೆಲ್ಲ ಅಂಚಿಗೆ ಗೆರೆ ಹಾಕಲು ಹೇಳಿ. ಪಕ್ಕದಲ್ಲಿ ಕೂತಿರಿ, ಏನೂ ವಿವರಿಸಬೇಡಿ. ಕೊನೆಗೆ ಬಸ್ ದರದ ಲೆಕ್ಕ ಕೊಡಿ.

ಸರಿಯಾದ ಉತ್ತರ ಹೀಗೆ ಬರಬೇಕು:

```
ಪ್ರಮಾಣ: 100 / 550
ಬೆಲೆ:   4 / 12
e = (100 / 550) ÷ (4 / 12) = 0.545
ವಸೂಲಿ: 6000 ರೂ. → 7000 ರೂ.
```

e ಒಂದಕ್ಕಿಂತ ಕಡಿಮೆ, ಅಂದರೆ ಪ್ರಯಾಣಿಕರು ಶೇಕಡಾವಾರು ಇಳಿದದ್ದಕ್ಕಿಂತ ದರ ಏರಿದ್ದು ಹೆಚ್ಚು, ಅದಕ್ಕೇ ವಸೂಲಿ ಏರಿತು. ಯಾರಾದರೂ ತಪ್ಪಿದರೆ ಅವರ ಉತ್ತರವೇ ಯಾವ ಪುಟ ತಿದ್ದಬೇಕೆಂದು ಹೇಳುತ್ತದೆ. 0.417 ಬಂದಿದ್ದರೆ ಮೊದಲಿನ ಸೂತ್ರದಲ್ಲೇ ಉಳಿದಿದ್ದಾರೆ, ಎರಡನೇ ಲೆಕ್ಕದ ವಿವರಣೆ ಸಾಲದು. 1.83 ಬಂದಿದ್ದರೆ ಭಾಗಾಕಾರ ತಲೆಕೆಳಗಾಗಿದೆ, ಸೂತ್ರದ ಅರ್ಥವನ್ನು ಮೊದಲ ಲೆಕ್ಕದ ಕೆಳಗೆ ಇನ್ನೊಮ್ಮೆ ಮಾತಿನಲ್ಲಿ ಬರೆಯಬೇಕು. 25 ಎಂದು ಬರೆದಿದ್ದರೆ 100ನ್ನು 4ರಿಂದ ಭಾಗಿಸಿದ್ದಾರೆ, ಶೇಕಡಾ ಏಕೆ ಬೇಕು ಎಂಬ ಪ್ಯಾರಾ ಅವರನ್ನು ಮುಟ್ಟಿಲ್ಲ. ಲೆಕ್ಕ ಸರಿ ಬಂದು ವಸೂಲಿಯ ಪ್ರಶ್ನೆಗೆ ಉತ್ತರ ಖಾಲಿ ಬಿಟ್ಟಿದ್ದರೆ ತಿದ್ದಬೇಕಾದ್ದು ಮೂರನೇ ಲೆಕ್ಕ. ಅಲ್ಲಿ ವಸೂಲಿಯ ಸಾಲನ್ನು ಪಟ್ಟಿಯಿಂದ ಹೊರತೆಗೆದು ಒಂದು ಪ್ಯಾರಾ ಬರೆಯಿರಿ, ಆಮೇಲೆ ಬೇರೆ ಮೂವರಿಗೆ ಕೊಡಿ. ಮೊದಲು ಓದಿದವರಿಗೆ ಈಗ ಪಾಠ ಗೊತ್ತಾಗಿದೆ, ಅವರಿಂದ ಮತ್ತೆ ಪರೀಕ್ಷೆ ಮಾಡಿಸಲು ಬರುವುದಿಲ್ಲ.